95ರ ಬದಲು 950 ಇದ್ದರೆ? ಚಿಕ್ಕ ಸ್ಯಾಂಪಲ್, ಉದ್ದ ಬಾಲ ಮತ್ತು ರ‍್ಯಾಂಕ್ ಟೆಸ್ಟ್

ಎಲ್ಲರಿಗೂ ನಮಸ್ಕಾರ. ಬೋರ್ಡಿನ ಮೇಲೆ ಎರಡು ಸಾಲು ಅಂಕಿ ಬರೆದಿದ್ದೇನೆ. ಇವತ್ತಿನ ಮಾತೆಲ್ಲ ಈ ಹನ್ನೆರಡು ಅಂಕಿಗಳ ಸುತ್ತಲೇ.

ಹೊಸ ವಿಧಾನ: 3, 4, 5, 7, 9, 12
ಹಳೆ ವಿಧಾನ: 6, 10, 11, 14, 18, 95

ಇವು ನಿಮಿಷಗಳು. ಒಂದು ಕಂಪ್ಯೂಟರ್ ಸಿಸ್ಟಂ ಕೆಟ್ಟು ನಿಂತಾಗ ಮತ್ತೆ ಓಡಿಸಲು ಎಷ್ಟು ಹೊತ್ತು ಹಿಡಿಯಿತು ಅನ್ನುವ ಲೆಕ್ಕ ಅಂದುಕೊಳ್ಳಿ. ಹನ್ನೆರಡು ಸಲ ಕೆಟ್ಟಿದೆ. ಯಾವ ಸಲ ಯಾವ ವಿಧಾನ ಅಂತ ಚೀಟಿ ಎತ್ತಿ, ಆರು ಹೊಸದಕ್ಕೆ, ಆರು ಹಳೆಯದಕ್ಕೆ ಹಂಚಿದ್ದಾರೆ. ಅಂಕಿಗಳನ್ನು ನಾನೇ ಹೊಸೆದದ್ದು, ಕೈಯಲ್ಲೇ ಲೆಕ್ಕ ಮಾಡಲು ಆಗಲಿ ಅಂತ. ಆದರೆ ಇವುಗಳ ಸ್ವಭಾವ ನಿಮಗೆ ಗೊತ್ತಿರುವುದೇ. ಸಮಯ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ, ಮೇಲಕ್ಕೆ ಮಾತ್ರ ಎಷ್ಟಾದರೂ ಹೋಗುತ್ತದೆ. ಹೆಚ್ಚಿನವು ಎಡಗಡೆ ಗುಂಪಾಗಿರುತ್ತವೆ, ಬಲಗಡೆ ಉದ್ದ ಬಾಲ ಬೆಳೆಯುತ್ತದೆ.

ಸುಮ್ನೆ ಕಣ್ಣಲ್ಲಿ ನೋಡಿದರೆ ಏನನ್ನಿಸುತ್ತದೆ? ಹಳೆಯದು ನಿಧಾನ ಅಲ್ವಾ? ಈಗ ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಮಾಡೋಣ. ಹೊಸದರ ಸರಾಸರಿ 6.7, ಹಳೆಯದರದ್ದು 25.7. ವ್ಯತ್ಯಾಸ 19 ನಿಮಿಷ. ಇಷ್ಟು ದೊಡ್ಡ ವ್ಯತ್ಯಾಸ ಇದ್ದರೂ ಟಿ ಬರುವುದು 1.35, ಪಿ-ಮೌಲ್ಯ 0.2ಕ್ಕಿಂತ ಜಾಸ್ತಿ. ಪಿ-ಮೌಲ್ಯ ಅಂದರೆ ಎರಡೂ ವಿಧಾನ ಒಂದೇ ಆಗಿದ್ದರೂ ಬರೀ ಅದೃಷ್ಟದಿಂದ ಕಡೇಪಕ್ಷ ಇಷ್ಟು ವ್ಯತ್ಯಾಸ ಬರುವ ಸಾಧ್ಯತೆ, ವಾಡಿಕೆಯ ಗಡಿ 0.05. ಅಂದರೆ "ಏನೂ ಸಾಬೀತಾಗಲಿಲ್ಲ" ಅನ್ನುತ್ತದೆ ಟೆಸ್ಟ್.

ಒಂದು ಆಟ ಆಡೋಣ. ಆ 95 ಅಳಿಸಿ 20 ಬರೆಯಿರಿ. ಹಳೆ ವಿಧಾನ ಈಗ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ, ಅಂದರೆ ಎರಡರ ನಡುವಿನ ಅಂತರ ಕಡಿಮೆಯಾಗಿದೆ. ಆದರೆ ಟಿ 2.55ಕ್ಕೆ ಏರುತ್ತದೆ, ಪಿ-ಮೌಲ್ಯ 0.03ಕ್ಕೆ ಇಳಿಯುತ್ತದೆ! ಈಗ ಉಲ್ಟಾ ಮಾಡಿ, 95ರ ಜಾಗದಲ್ಲಿ 950 ಹಾಕಿ. ಹಳೆಯದು ಭಯಂಕರ ನಿಧಾನವಾಯಿತು. ಟಿ ಮಾತ್ರ 1.03ಕ್ಕೆ ಕುಸಿಯುತ್ತದೆ. ಹಳೆಯದರ ವಿರುದ್ಧ ಸಾಕ್ಷಿ ಬಲವಾದಷ್ಟೂ ಟೆಸ್ಟ್ "ಸಾಕ್ಷಿ ಸಾಲದು" ಅನ್ನುತ್ತಾ ಹೋಗುತ್ತದೆ.

ಯಾಕೆ ಹೀಗೆ? ಟಿ ಅಂದರೆ ಸರಾಸರಿಗಳ ವ್ಯತ್ಯಾಸವನ್ನು ಅದರ ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿದ್ದು. ಆರರಲ್ಲಿ ಒಂದು ಅಂಕಿ ವಿಪರೀತ ದೊಡ್ಡದಾದರೆ ಸರಾಸರಿ ಅದರ ಆರನೇ ಒಂದು ಭಾಗದಷ್ಟು ಏರುತ್ತದೆ. ಕೆಳಗೆ ಭಾಗಿಸುವ ಸ್ಟ್ಯಾಂಡರ್ಡ್ ಎರರ್ ಕೂಡ ಹತ್ತಿರ ಹತ್ತಿರ ಅದರ ಆರನೇ ಒಂದು ಭಾಗವೇ ಆಗಿಬಿಡುತ್ತದೆ. ಮೇಲೂ ಅದೇ, ಕೆಳಗೂ ಅದೇ. ಹಾಗಾಗಿ ಟಿ ನಿಧಾನಕ್ಕೆ 1ರ ಕಡೆ ಜಾರುತ್ತದೆ. ಒಂದೇ ಅಂಕಿ ಇಡೀ ಲೆಕ್ಕವನ್ನು ನುಂಗಿದಂತೆ. ಸ್ಯಾಂಪಲ್ ದೊಡ್ಡದಿದ್ದರೆ ಸರಾಸರಿಗಳು ತಾವೇ ನಾರ್ಮಲ್ ಹಂಚಿಕೆಯ, ಅಂದರೆ ಗಂಟೆಯಾಕಾರದ ವಕ್ರರೇಖೆಯ, ಹತ್ತಿರ ಬರುತ್ತವೆ ಅಂತ ಸಮಾಧಾನ ಹೇಳಿಕೊಳ್ಳಬಹುದು. ಆರು ಅಂಕಿಗೆ ಆ ಸಮಾಧಾನ ಇಲ್ಲ.

1945ರಲ್ಲಿ ಫ್ರಾಂಕ್ ವಿಲ್‌ಕಾಕ್ಸನ್ ಅನ್ನುವ ರಸಾಯನ ವಿಜ್ಞಾನಿ ಒಂದು ಪುಟ್ಟ ಲೇಖನ ಬರೆದರು. ಅಂಕಿಗಳನ್ನು ಬಿಟ್ಟು ಅವುಗಳ ರ‍್ಯಾಂಕ್ ತಗೊಳ್ಳಿ, ಅಷ್ಟೇ. ಎರಡು ವರ್ಷದ ನಂತರ ಮ್ಯಾನ್ ಮತ್ತು ವಿಟ್ನಿ ಅದೇ ಟೆಸ್ಟನ್ನು ಇನ್ನೊಂದು ದಾರಿಯಿಂದ ವಿವರಿಸಿದರು. ಅದಕ್ಕೇ ಇವತ್ತಿಗೂ ಒಂದೇ ಟೆಸ್ಟಿಗೆ ಎರಡು ಹೆಸರು.

ನಮ್ಮ ಹನ್ನೆರಡನ್ನೂ ಸಾಲಾಗಿ ನಿಲ್ಲಿಸೋಣ. 3, 4, 5 ಹೊಸದು, ರ‍್ಯಾಂಕ್ 1, 2, 3. ಆಮೇಲೆ 6, ಹಳೆಯದು, ರ‍್ಯಾಂಕ್ 4. 7 ಮತ್ತು 9 ಹೊಸದು, 5 ಮತ್ತು 6ನೇ ಸ್ಥಾನ. 10 ಮತ್ತು 11 ಹಳೆಯದು. 12 ಹೊಸದು, ಒಂಬತ್ತನೇ ಸ್ಥಾನ. ಉಳಿದ ಮೂರೂ ಹಳೆಯವು. ಹೊಸದರ ರ‍್ಯಾಂಕ್‌ಗಳ ಮೊತ್ತ 26, ಹಳೆಯದರದ್ದು 52. ಆ 95ಕ್ಕೆ ಸಿಕ್ಕಿದ್ದು 12ನೇ ಸ್ಥಾನ. 20 ಇದ್ದರೂ ಅದೇ, 950 ಇದ್ದರೂ ಅದೇ.

ಮ್ಯಾನ್-ವಿಟ್ನಿ ದಾರಿ ನನಗೆ ಇನ್ನೂ ಇಷ್ಟ. ಹೊಸದರಿಂದ ಒಂದು, ಹಳೆಯದರಿಂದ ಒಂದು ಎತ್ತಿ ಜೋಡಿ ಮಾಡಿ. ಒಟ್ಟು 36 ಜೋಡಿ. ಎಷ್ಟರಲ್ಲಿ ಹೊಸದೇ ನಿಧಾನ? 6ರ ಎದುರು 7, 9, 12. ಮತ್ತೆ 12 ಒಂದೇ 10ಕ್ಕಿಂತ, 11ಕ್ಕಿಂತ ದೊಡ್ಡದು. ಒಟ್ಟು 5. ಇದೇ ಯು. ಉಳಿದ 31 ಜೋಡಿಗಳಲ್ಲಿ ಹಳೆಯದೇ ನಿಧಾನ.

ಈಗ ಪಿ-ಮೌಲ್ಯ. ಇಲ್ಲಿ ಯಾವ ಟೇಬಲ್ಲೂ ಬೇಡ, ಗಂಟೆಯಾಕಾರದ ವಕ್ರರೇಖೆಯೂ ಬೇಡ. ಎರಡೂ ವಿಧಾನ ಒಂದೇ ಆಗಿದ್ದರೆ ಯಾವ ಆರು ಅಂಕಿಗೆ "ಹೊಸದು" ಅನ್ನುವ ಚೀಟಿ ಬಿತ್ತು ಅನ್ನುವುದು ಬರೀ ಅದೃಷ್ಟ. ಹನ್ನೆರಡರಲ್ಲಿ ಆರನ್ನು 924 ರೀತಿಯಲ್ಲಿ ಆರಿಸಬಹುದು, ಎಲ್ಲಕ್ಕೂ ಸಮಾನ ಅವಕಾಶ. ಅದರಲ್ಲಿ ಯು 5 ಅಥವಾ ಅದಕ್ಕಿಂತ ಕಡಿಮೆ ಬರುವುದು ಎಷ್ಟು? ಯು ಸೊನ್ನೆ ಬರಲು ಒಂದೇ ದಾರಿ, ಹೊಸವು ಆರೂ ಮುಂದೆ ನಿಲ್ಲಬೇಕು. 1 ಬರಲೂ ಒಂದೇ ದಾರಿ, ಗಡಿಯಲ್ಲಿರುವ ಇಬ್ಬರು ಜಾಗ ಬದಲಿಸಬೇಕು. 2ಕ್ಕೆ ಎರಡು, 3ಕ್ಕೆ ಮೂರು, 4ಕ್ಕೆ ಐದು, 5ಕ್ಕೆ ಏಳು ದಾರಿ. ಒಟ್ಟು 19. ಇನ್ನೊಂದು ತುದಿಗೂ ಅಷ್ಟೇ. 38ನ್ನು 924ರಿಂದ ಭಾಗಿಸಿ, 0.041 ಬಂತು. ನಾರ್ಮಲ್ ಅನ್ನುವ ಊಹೆ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ, ಗಮನಿಸಿದಿರಾ?

ಆರ್ ಅನ್ನುವ ಸಾಫ್ಟ್‌ವೇರ್ ಬಳಸುವವರಿಗೆ:

```
hosa <- c(3, 4, 5, 7, 9, 12)
hale <- c(6, 10, 11, 14, 18, 95)
wilcox.test(hale, hosa, conf.int = TRUE)
```

ಇದು `W = 31, p-value = 0.04113` ಅಂತ ತೋರಿಸುತ್ತದೆ. `hosa` ಮೊದಲು ಬರೆದರೆ W 5 ಆಗುತ್ತದೆ, ಪಿ-ಮೌಲ್ಯ ಬದಲಾಗುವುದಿಲ್ಲ. ಗಾಬರಿ ಬೇಡ, ಎಣಿಸಿದ ದಿಕ್ಕು ಬೇರೆ ಅಷ್ಟೇ.

ಇಲ್ಲಿ ಒಂದು ತಪ್ಪೊಪ್ಪಿಗೆ. ಶುರುವಿನ ದಿನಗಳಲ್ಲಿ ನಾನು ಮೊದಲು ಟಿ-ಟೆಸ್ಟ್ ಮಾಡಿ, ಬರಲಿಲ್ಲ ಅಂದರೆ ರ‍್ಯಾಂಕ್ ಟೆಸ್ಟ್ ಮಾಡುತ್ತಿದ್ದೆ. ಇದೇ ಅಂಕಿಗಳ ಲಾಗ್ ತಗೊಂಡು ಟಿ-ಟೆಸ್ಟ್ ಮಾಡಿದರೆ ಪಿ-ಮೌಲ್ಯ 0.05ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಮೂರು ಟೆಸ್ಟ್, ಮೂರು ಉತ್ತರ. ಬೇಕಾದ್ದನ್ನು ಆರಿಸಿಕೊಂಡರೆ 0.041ಕ್ಕೆ ಅರ್ಥವೇ ಉಳಿಯುವುದಿಲ್ಲ. ಯಾವ ಟೆಸ್ಟ್ ಅನ್ನುವುದನ್ನು ಅಂಕಿ ಕೈಗೆ ಬರುವ ಮೊದಲೇ ಬರೆದಿಡಬೇಕು. ಅಂಕಿಗಳು ನಾರ್ಮಲ್ ಹೌದೋ ಅಲ್ಲವೋ ನೋಡುವ ಶಪಿರೋ-ವಿಲ್ಕ್ ಟೆಸ್ಟ್ ಮಾಡಿ ತೀರ್ಮಾನಿಸೋಣ ಅನ್ನುವವರೂ ಇದ್ದಾರೆ. ಆರು ಅಂಕಿಯಲ್ಲಿ ಆ ಟೆಸ್ಟಿಗೆ ಕಣ್ಣು ಅಷ್ಟು ಚುರುಕಿಲ್ಲ, ಎಷ್ಟೋ ಸಲ ಓರೆಯನ್ನು ಗುರುತಿಸದೆ ಬಿಟ್ಟುಬಿಡುತ್ತದೆ. ಅಳೆಯುತ್ತಿರುವುದು ಏನು ಅನ್ನುವುದೇ ಉತ್ತರ ಹೇಳುತ್ತದೆ. ಕಾಯುವ ಸಮಯ, ಬ್ಯಾಕ್ಟೀರಿಯಾ ಎಣಿಕೆ, ನಷ್ಟದ ಮೊತ್ತ, ಇವೆಲ್ಲ ಓರೆಯಾಗಿಯೇ ಇರುತ್ತವೆ ಅಂತ ಮೊದಲೇ ಗೊತ್ತಿರುತ್ತದೆ.

"ರ‍್ಯಾಂಕ್ ತಗೊಂಡರೆ ಮಾಹಿತಿ ಹಾಳಾಗುವುದಿಲ್ಲವೇ?" ಅಂತ ಕೇಳುತ್ತಾರೆ. ಆಗುತ್ತದೆ, ನೀವು ಅಂದುಕೊಂಡಷ್ಟಲ್ಲ. ಅಂಕಿಗಳು ನಿಜಕ್ಕೂ ನಾರ್ಮಲ್ ಆಗಿದ್ದರೂ ದೊಡ್ಡ ಸ್ಯಾಂಪಲ್‌ನಲ್ಲಿ ಈ ಟೆಸ್ಟಿನ ದಕ್ಷತೆ ಟಿ-ಟೆಸ್ಟಿನ 95.5 ಶೇಕಡ. ಬಾಲ ಉದ್ದವಿದ್ದಾಗ ಇದೇ ಮುಂದೆ.

ಹಾಗಾದರೆ 0.041 ನಮಗೆ ಹೇಳಿದ್ದೇನು? ಬಹಳ ಜನ "ಎರಡರ ಮಧ್ಯಾಂಕ ಬೇರೆ" ಅಂತ ಬರೆಯುತ್ತಾರೆ. ಅದು ಸರಿಯಾಗಬೇಕಾದರೆ ಎರಡೂ ಹಂಚಿಕೆಗಳ ಆಕಾರ ಒಂದೇ ಇದ್ದು, ಒಂದು ಪಕ್ಕಕ್ಕೆ ಸರಿದಿರಬೇಕು. ನಮ್ಮಲ್ಲಿ ಒಂದು 3ರಿಂದ 12ರವರೆಗೆ ಇದೆ, ಇನ್ನೊಂದು 6ರಿಂದ 95ರವರೆಗೆ ಚಾಚಿದೆ. ಆಕಾರ ಒಂದೇ ಅಂತ ಹೇಳುವ ಧೈರ್ಯ ನನಗಿಲ್ಲ. ನಾನಾದರೆ 36ರಲ್ಲಿ 31 ಜೋಡಿಗಳಲ್ಲಿ ಹಳೆಯದು ನಿಧಾನ, ಅಂದರೆ 86 ಶೇಕಡ, ಅಂತ ಬರೆಯುತ್ತೇನೆ. ಅದಕ್ಕೆ ಆಕಾರದ ಹಂಗಿಲ್ಲ.

ಆ `conf.int` ಕೊಡುವುದನ್ನೂ ನೋಡಿ, ಪಾಠ ಇರುವುದು ಅಲ್ಲಿಯೇ. 36 ಜೋಡಿಗಳ ವ್ಯತ್ಯಾಸಗಳನ್ನು ಸಾಲಾಗಿ ಇಟ್ಟರೆ ನಡುವಿನದು 6.5 ನಿಮಿಷ. ಸರಾಸರಿಗಳ ವ್ಯತ್ಯಾಸ 19 ಇತ್ತು, ನೆನಪಿದೆಯಾ? ಇನ್ನು ವಿಶ್ವಾಸ ವ್ಯಾಪ್ತಿ, ಅಂದರೆ ನಿಜವಾದ ಅಂತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು. ಕೆಳಗಿನಿಂದ ಆರನೆಯದು 1, ಮೇಲಿನಿಂದ ಆರನೆಯದು 83. ಅಂದರೆ 1ರಿಂದ 83 ನಿಮಿಷ! ಪಿ-ಮೌಲ್ಯ ಲೆಕ್ಕ ಹಾಕುವಾಗ ಅಡಗಿ ಕೂತಿದ್ದ 95 ಇಲ್ಲಿ ಎದ್ದು ನಿಂತಿತು. ಅತಿ ದೊಡ್ಡ ಆರು ವ್ಯತ್ಯಾಸಗಳೂ ಆ ಒಂದು ಅಂಕಿಯಿಂದಲೇ ಬಂದವು. ವ್ಯತ್ಯಾಸ ಇದೆ ಅಂತ ಹೇಳಬಹುದು, ಎಷ್ಟು ಅನ್ನುವುದು ನಮಗೆ ಹೆಚ್ಚುಕಡಿಮೆ ಗೊತ್ತಿಲ್ಲ. ಆಕಾರ ಒಂದೇ ಅನ್ನುವ ಊಹೆ ಈ ವ್ಯಾಪ್ತಿಯ ಹಿಂದೆಯೂ ಇದೆ, ಹಾಗಾಗಿ 6.5ನ್ನು ಜಾಸ್ತಿ ನೆಚ್ಚಬೇಡಿ.

ಇನ್ನೊಂದು. ನಿಮಗೆ ಬೇಕಿರುವುದು ವರ್ಷದಲ್ಲಿ ಒಟ್ಟು ಎಷ್ಟು ನಿಮಿಷ ಹಾಳಾಗುತ್ತದೆ ಅನ್ನುವುದಾದರೆ ಅದು ಸರಾಸರಿಯ ಪ್ರಶ್ನೆ. ಆಗ ಆ 95 ನಿಮಿಷವೇ ಮುಖ್ಯ ಸಂಗತಿ. ಅದನ್ನು ಬರೀ "12ನೇ ಸ್ಥಾನ" ಮಾಡಿದರೆ ಕೇಳಿದ ಪ್ರಶ್ನೆಯನ್ನೇ ಬದಲಿಸಿದಂತೆ.

ಅಂಕಿಗಳು ಸಮ ಬಂದರೆ ಸರಾಸರಿ ರ‍್ಯಾಂಕ್ ಕೊಡುತ್ತಾರೆ. 5 ಮತ್ತು 6ನೇ ಸ್ಥಾನದವರು ಸಮವಾಗಿದ್ದರೆ ಇಬ್ಬರಿಗೂ 5.5. ಆದರೆ ನಾವು ಮಾಡಿದ ಎಣಿಕೆ ಆಗ ಹೊಂದುವುದಿಲ್ಲ. ಆರ್ `cannot compute exact p-value with ties` ಅಂತ ಎಚ್ಚರಿಸಿದರೆ, ಅದು ನಾರ್ಮಲ್ ಅಂದಾಜಿಗೆ ಹೋಗಿದೆ ಅಂತ ಅರ್ಥ. ಆರಾರು ಅಂಕಿಗೆ ಆ ಅಂದಾಜು ಬೇಡ. `coin` ಪ್ಯಾಕೇಜಿನ `wilcox_test`ಗೆ `distribution = "exact"` ಕೊಟ್ಟರೆ ಸಮ ಬಂದ ಅಂಕಿಗಳನ್ನೂ ಸೇರಿಸಿ ನಿಜವಾದ ಎಣಿಕೆ ಮಾಡುತ್ತದೆ.

ಎಷ್ಟು ಚಿಕ್ಕದಾದರೆ ತೀರಾ ಚಿಕ್ಕದು? ಇದಕ್ಕೂ ಎಣಿಕೆಯೇ ಉತ್ತರ. ಒಮ್ಮೆ ಒಬ್ಬರು ಮೂರು-ಮೂರು ಅಂಕಿ ತಂದರು. ಒಂದು ಗುಂಪಿನ ಮೂರೂ ಇನ್ನೊಂದರ ಮೂರಕ್ಕಿಂತ ದೊಡ್ಡವು. "ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕು ಸಾರ್?" ಅಂದರು. ಆರರಲ್ಲಿ ಮೂರನ್ನು ಆರಿಸುವ ದಾರಿ 20. ಎರಡು ತುದಿ ಸೇರಿ 20ರಲ್ಲಿ 2, ಅಂದರೆ 0.1. ಪ್ರಯೋಗ ಎಷ್ಟೇ ಚೆನ್ನಾಗಿ ನಡೆದರೂ ಅವರಿಗೆ 0.05 ಸಿಗುವ ಸಾಧ್ಯತೆಯೇ ಇರಲಿಲ್ಲ. ನಾಲ್ಕು-ನಾಲ್ಕು ಆಗಿದ್ದರೆ 70ರಲ್ಲಿ 2, 0.029. ಇದು ಪ್ರಯೋಗ ಶುರು ಮಾಡುವ ಮುಂಚೆ ಎರಡು ನಿಮಿಷದಲ್ಲಿ ಗೊತ್ತಾಗಬಹುದಾಗಿದ್ದ ವಿಷಯ.

ಕೊನೆಯದಾಗಿ, ಜೋಡಿ ಅಂಕಿಗಳು. ಒಂದೇ ಯಂತ್ರದ ಮೇಲೆ ಮೊದಲು ಹಳೆಯದು, ಆಮೇಲೆ ಹೊಸದು. ಇಲ್ಲಿ ಎಲ್ಲರೂ ವಿಲ್‌ಕಾಕ್ಸನ್‌ರ ಸೈನ್ಡ್-ರ‍್ಯಾಂಕ್ ಟೆಸ್ಟಿಗೆ ಕೈ ಹಾಕುತ್ತಾರೆ. ಅದು ಬೇರೆ ಟೆಸ್ಟ್, ಹೆಸರು ಮಾತ್ರ ಹತ್ತಿರ. ವ್ಯತ್ಯಾಸಗಳ ಮಧ್ಯಾಂಕ ಸೊನ್ನೆಯೇ ಅಂತ ಅದರಿಂದ ಪರೀಕ್ಷಿಸಬೇಕಾದರೆ, ವ್ಯತ್ಯಾಸಗಳು ಎರಡೂ ಕಡೆ ಒಂದೇ ತರ ಹರಡಿರಬೇಕು. ವ್ಯತ್ಯಾಸಗಳೇ ಓರೆಯಾಗಿದ್ದರೆ ನಾವು ತಪ್ಪಿಸಿಕೊಂಡು ಬಂದ ಗುಂಡಿಗೇ ಮತ್ತೆ ಬಿದ್ದಂತೆ. ಆಗ ಬರೀ ಪ್ಲಸ್, ಮೈನಸ್ ಎಣಿಸುವ ಸೈನ್ ಟೆಸ್ಟ್ ಸಾಕು. ಅದರ ಬೆಲೆ ದುಬಾರಿ: ಆರು ಜೋಡಿಯೂ ಒಂದೇ ಕಡೆ ಇದ್ದರೆ 64ರಲ್ಲಿ 2, ಅಂದರೆ 0.031. ಒಂದೇ ಒಂದು ಜೋಡಿ ಆ ಕಡೆ ಹೋದರೆ 64ರಲ್ಲಿ 14, ನೇರ 0.22ಕ್ಕೆ.