ಬಯೋಸ್‌ಗೆ ಕೈ ಹಾಕೋ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರೋನು ನಾನು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಅಲ್ಲಿಂದೀಚೆಗೆ ಅಂಗಡಿಗೆ ಬರೋರು ಒಂದೇ ಮಾತು ಹಿಡಿದುಕೊಂಡು ಬರ್ತಾರೆ: "ಅಣ್ಣಾ, ಹನ್ನೊಂದು ಹಾಕಬೇಕು. ಅದಕ್ಕೆ ಮೊದಲು ಬಯೋಸ್ ಅಪ್‌ಡೇಟ್ ಮಾಡಲೇಬೇಕಂತೆ, ಹೌದಾ?" ಹತ್ತರಲ್ಲಿ ಎಂಟು ಸಲ ನನ್ನ ಉತ್ತರ, ಬೇಡ.

ಮೊನ್ನೆ ತಿಪಟೂರಿನಿಂದ ಕೊಬ್ಬರಿ ಮಂಡಿಯ ಯಜಮಾನರೊಬ್ಬರು ಬಸ್ಸಿನಲ್ಲಿ ಸಿಪಿಯು ಡಬ್ಬಾವನ್ನು ತೊಡೆ ಮೇಲಿಟ್ಟುಕೊಂಡೇ ಬಂದರು. 2018ರಲ್ಲಿ ಕೊಂಡ ಯಂತ್ರ. ಎಚ್310 ಮದರ್‌ಬೋರ್ಡ್, ಐ3-8100 ಪ್ರೊಸೆಸರ್, ಎಂಟು ಜಿಬಿ ರ‍್ಯಾಮ್. ಏಳು ವರ್ಷದ ಟ್ಯಾಲಿ ಲೆಕ್ಕ ಅದರೊಳಗಿದೆ. ಹನ್ನೊಂದು ಹಾಕೋಕಾಗುತ್ತಾ ಅಂತ ನೋಡೋ ಮೈಕ್ರೋಸಾಫ್ಟ್‌ನ ತಪಾಸಣೆ ಆ್ಯಪ್ ಎರಡು ಕಡೆ ಕೆಂಪು ಗುರುತು ಹಾಕಿತ್ತು. ಗುಟ್ಟಿನ ಕೀಗಳನ್ನು ಭದ್ರವಾಗಿಡೋ ಟಿಪಿಎಂ 2.0 ಇಲ್ಲ, ಯಂತ್ರ ಏಳೋವಾಗ ನಂಬಿಕಸ್ಥ ಪ್ರೋಗ್ರಾಂ ಮಾತ್ರ ಓಡೋಕೆ ಬಿಡೋ ಸೆಕ್ಯೂರ್ ಬೂಟ್ ಇಲ್ಲ. ಊರಿನಲ್ಲಿ ಯಾರೋ "ಬಯೋಸ್ ಹಳೇದಾಗಿದೆ, ಅಪ್‌ಡೇಟ್ ಮಾಡಿಸಿ, ಇಲ್ಲಾಂದ್ರೆ ಬೋರ್ಡೇ ಬದಲಾಯಿಸಿ" ಅಂದಿದ್ದರಂತೆ.

ಬಯೋಸ್ ಅಂದರೆ ಏನು ಅಂತ ಒಂದು ಮಾತು ಹೇಳಿಬಿಡ್ತೀನಿ. ಬೋರ್ಡಿನ ಮೇಲೆ ಎಂಟು ಕಾಲಿನ ಒಂದು ಪುಟ್ಟ ಚಿಪ್ ಇರುತ್ತೆ, ತೊಗರಿಕಾಳಿನಷ್ಟು. ಪವರ್ ಬಟನ್ ಒತ್ತಿದ ತಕ್ಷಣ ಪ್ರೊಸೆಸರನ್ನೂ ರ‍್ಯಾಮನ್ನೂ ಎಬ್ಬಿಸಿ, ಆಮೇಲೆ ವಿಂಡೋಸ್‌ಗೆ ದಾರಿ ಬಿಡೋ ಪ್ರೋಗ್ರಾಂ ಅದರೊಳಗಿದೆ. ಹೊಸ ಬೋರ್ಡುಗಳಲ್ಲಿ ಅದರ ಸರಿಯಾದ ಹೆಸರು ಯುಇಎಫ್‌ಐ, ಬಾಯಿಮಾತಿಗೆ ಎಲ್ಲರೂ ಬಯೋಸ್ ಅಂತಲೇ ಅನ್ನೋದು. ವಿಂಡೋಸ್ ಕೆಟ್ಟರೆ ಪೆನ್‌ಡ್ರೈವ್ ಚುಚ್ಚಿ ಮತ್ತೆ ಹಾಕಬಹುದು. ಇದು ಕೆಟ್ಟರೆ ಆ ಪೆನ್‌ಡ್ರೈವನ್ನು ಓದೋಕೇ ಯಾರೂ ಇರಲ್ಲ.

ಯಜಮಾನರ ಯಂತ್ರದಲ್ಲಿ ಮೊದಲು msinfo32 ಅಂತ ಟೈಪ್ ಮಾಡಿ ತೆರೆದೆ. ಬೋರ್ಡಿನ ಮಾಡೆಲ್, ಬಯೋಸ್‌ನ ಆವೃತ್ತಿ, ಅದರ ತಾರೀಕು ಎಲ್ಲ ಅಲ್ಲಿ ಸಿಗುತ್ತೆ. BIOS Mode ಅನ್ನೋ ಸಾಲಿನ ಮುಂದೆ Legacy ಅಂತಿತ್ತು. ಎರಡನೇ ಕೆಂಪು ಗುರುತಿಗೆ ಕಾರಣ ಅದೇ. ಬೋರ್ಡಿಗೆ ಸೆಕ್ಯೂರ್ ಬೂಟ್ ಬರುತ್ತೆ, ಆದರೆ 2018ರಲ್ಲಿ ಜೋಡಿಸಿಕೊಟ್ಟವರು ವಿಂಡೋಸನ್ನು ಹಳೇ ಪದ್ಧತಿಯಲ್ಲಿ ಹಾಕಿಬಿಟ್ಟಿದ್ದರು. ಮೊದಲನೇ ಕೆಂಪು ಗುರುತಿನ ವಿಷಯ ಇನ್ನೂ ಸುಲಭ. ಇಂಟೆಲ್‌ನ ಎಂಟನೇ ತಲೆಮಾರಿನ ಯಂತ್ರಗಳಲ್ಲಿ ಟಿಪಿಎಂ ಅಂತ ಬೇರೆ ಚಿಪ್ ತರಬೇಕಾಗಿಲ್ಲ, ಪಿಟಿಟಿ ಅನ್ನೋ ಹೆಸರಿನಲ್ಲಿ ಒಳಗೇ ಇರುತ್ತೆ. ಎಎಂಡಿಯವರು ಅದನ್ನೇ ಎಫ್‌ಟಿಪಿಎಂ ಅಂತಾರೆ. ಕಂಪನಿಗಳು ಎಷ್ಟೋ ಬೋರ್ಡುಗಳಲ್ಲಿ ಅದನ್ನು ಆಫ್ ಮಾಡಿ ಕಳಿಸಿದ್ದವು. 2021ರಲ್ಲಿ ಹನ್ನೊಂದು ಬಂದಾಗ ಹೊಸ ಬಯೋಸ್ ಬಿಟ್ಟರು ನಿಜ, ಆದರೆ ಎಷ್ಟೋ ಬೋರ್ಡುಗಳಿಗೆ ಬಂದ ಆ ಬಯೋಸ್‌ನ ಮುಖ್ಯ ಕೆಲಸ ಈ ಸ್ವಿಚ್ಚನ್ನು ಮೊದಲೇ ಆನ್ ಮಾಡಿಡೋದಷ್ಟೇ. ಆ ಸ್ವಿಚ್ಚನ್ನು ನಾವೇ ಒತ್ತಬಹುದಲ್ಲ!

ಟ್ಯಾಲಿ ಡೇಟಾವನ್ನು ಮೊದಲು ಬೇರೆ ಡಿಸ್ಕಿಗೆ ಎತ್ತಿಟ್ಟೆ. ಹಳೇ ಪದ್ಧತಿಯ ಡಿಸ್ಕಿನ ವಿಭಾಗಪಟ್ಟಿ ಎಂಬಿಆರ್, ಹೊಸ ಪದ್ಧತಿಗೆ ಜಿಪಿಟಿ ಬೇಕು. ಡೇಟಾ ಅಳಿಸದೆ ಅದನ್ನು ಬದಲಾಯಿಸೋ ಸಾಧನ ವಿಂಡೋಸ್‌ನಲ್ಲೇ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಕಿಟಕಿ ತೆರೆದು, ಮೊದಲು ಪರೀಕ್ಷೆ, ಅದು ಪಾಸಾದರೆ ಮಾತ್ರ ಪರಿವರ್ತನೆ:

```
mbr2gpt /validate /allowFullOS
mbr2gpt /convert /allowFullOS
```

ಆಮೇಲೆ ಯಂತ್ರವನ್ನು ಮತ್ತೆ ಶುರುಮಾಡಿ, ಡಿಲೀಟ್ ಕೀ ಒತ್ತುತ್ತಾ ಬಯೋಸ್ ಒಳಗೆ ಹೋದೆ. ಹಳೇ ಪದ್ಧತಿಗೆ ಆಸರೆ ಕೊಡೋ CSM ಆಫ್, PTT ಆನ್, ಸೆಕ್ಯೂರ್ ಬೂಟ್ ಆನ್. ಈ ಸರದಿ ತಪ್ಪಿಸಬೇಡಿ. ಡಿಸ್ಕನ್ನು ಜಿಪಿಟಿಗೆ ಬದಲಾಯಿಸದೆ CSM ಆಫ್ ಮಾಡಿದರೆ ವಿಂಡೋಸ್ ಏಳೋದೇ ಇಲ್ಲ, ಜನ "ಹಾರ್ಡ್‌ಡಿಸ್ಕ್ ಹೋಯ್ತು" ಅಂತ ಓಡಿಬರ್ತಾರೆ. ತಪಾಸಣೆ ಆ್ಯಪ್ ಮತ್ತೆ ಓಡಿಸಿದೆ. ಎಲ್ಲ ಹಸಿರು. ಬಯೋಸ್‌ನ ತಾರೀಕು 2018ರದ್ದು, ಹಾಗೇ ಉಳಿಯಿತು.

ಹಾಗಾದರೆ ನಿಜವಾಗಿ ಬೇಕಾಗೋದು ಯಾವಾಗ? ನಾನು ನೋಡೋದು ಎರಡೇ. ಬಯೋಸ್ ಬರೆದ ಕಾಲಕ್ಕೆ ಹುಟ್ಟಿರದ ಪ್ರೊಸೆಸರನ್ನು ಬೋರ್ಡಿಗೆ ಹಾಕೋದು ಮೊದಲನೆಯದು. ಎಎಂಡಿಯ ಬಿ450 ಬೋರ್ಡು ಬಂದದ್ದು 2018ರಲ್ಲಿ, ರೈಜನ್ 5000 ಸರಣಿ ಬಂದದ್ದು 2020ರ ಕೊನೆಗೆ. ಹಳೇ ಬಯೋಸ್ ಇರೋ ಬಿ450ಗೆ ರೈಜನ್ 5 5600 ಕೂರಿಸಿದರೆ ಫ್ಯಾನ್ ತಿರುಗುತ್ತೆ, ಪರದೆ ಕಪ್ಪು. ಕಾಲೇಜು ಹುಡುಗನೊಬ್ಬ ಹಳೇ ಪ್ರೊಸೆಸರನ್ನು ಮಾರಿಬಿಟ್ಟು ಹೊಸದು ತಂದಿದ್ದ. ಅಪ್‌ಡೇಟ್ ಮಾಡೋಕೆ ಯಂತ್ರ ಏಳಬೇಕು, ಏಳೋಕೆ ಅಪ್‌ಡೇಟ್ ಬೇಕು. ನನ್ನ ಹತ್ತಿರ ಇದ್ದ ಒಂದು ಹಳೇ ರೈಜನ್ ಕೂರಿಸಿ ಅಪ್‌ಡೇಟ್ ಮಾಡಿಕೊಟ್ಟೆ. ಹಳೇದು ಬೋರ್ಡಿನ ಮೇಲೆ ಇರೋವಾಗಲೇ ಈ ಕೆಲಸ ಮುಗಿಸಿಕೊಳ್ಳಿ.

ಎರಡನೆಯದು, ನಿಮಗೆ ಇರೋ ತೊಂದರೆಯನ್ನೇ ಸರಿಮಾಡಿದ್ದೀವಿ ಅಂತ ಬೋರ್ಡಿನ ಕಂಪನಿ ತನ್ನ ಟಿಪ್ಪಣಿಯಲ್ಲಿ ಬರೆದಿದ್ದಾಗ. ಹನ್ನೊಂದು ಹಾಕಿದ ಕೆಲವು ರೈಜನ್ ಯಂತ್ರಗಳು ಎಫ್‌ಟಿಪಿಎಂನಿಂದಾಗಿ ಆಗಾಗ ಒಂದು ಕ್ಷಣ ತಡವರಿಸುತ್ತಿದ್ದವು, 2022ರಲ್ಲಿ ಅದಕ್ಕೆ ಮದ್ದು ಬಂದದ್ದು ಬಯೋಸ್ ಮೂಲಕವೇ. ಇಂಟೆಲ್‌ನ 13, 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಹೆಚ್ಚು ವೋಲ್ಟೇಜ್ ಎಳೆದು ಕೆಡುತ್ತಿದ್ದವು, 2024ರಲ್ಲಿ ಅದಕ್ಕೂ ಹಾಗೇ. ಆ ಪ್ರೊಸೆಸರ್ ಇರೋರು ಮಾತ್ರ ಕಾಯಬೇಡಿ. ಟಿಪ್ಪಣಿಯಲ್ಲಿ ಬರೀ "ಸ್ಥಿರತೆ ಹೆಚ್ಚಿಸಿದ್ದೇವೆ" ಅಂತಿದ್ದು, ನಿಮ್ಮ ಯಂತ್ರ ಚೆನ್ನಾಗೇ ನಡೀತಿದ್ದರೆ ನಾನಂತೂ ಮುಟ್ಟಲ್ಲ.

ಇದು ನನಗೆ ದುಡ್ಡು ಕೊಟ್ಟು ಬಂದ ಬುದ್ಧಿ. ಕೆಲವು ವರ್ಷದ ಹಿಂದೆ, ಮುಂಗಾರಿನ ಒಂದು ಸಂಜೆ, ಗಿರಾಕಿಯ ಬೋರ್ಡಿಗೆ ಬರೀ ಹೊಸದು ಬಂದಿದೆ ಅನ್ನೋ ಹುರುಪಿನಲ್ಲಿ ಅಪ್‌ಡೇಟ್ ಹಚ್ಚಿದೆ. ಪಟ್ಟಿ ಅರ್ಧ ದಾಟಿತ್ತು, ಕರೆಂಟು ಹೋಯಿತು. ಯುಪಿಎಸ್ ಕುಂಯ್ ಅಂದು ಅದೂ ಮಲಗಿತು. ಕರೆಂಟು ಬಂದಾಗ ಫ್ಯಾನ್ ತಿರುಗಿತು, ಬೀಪ್ ಇಲ್ಲ, ಪರದೆ ಇಲ್ಲ. ಆ ಎಂಟು ಕಾಲಿನ ಚಿಪ್ಪಿಗೆ ಕ್ಲಿಪ್ ಹಾಕಿ, ಹೊರಗಿನ ಪ್ರೋಗ್ರಾಮರ್ ಸಾಧನದಿಂದ ಮತ್ತೆ ಬರೆದು ಎಬ್ಬಿಸೋಕೆ ಎರಡು ದಿನ ಹಿಡಿಯಿತು.

ಹಾಗಾಗಿ ಮಾಡಲೇಬೇಕಾಗಿ ಬಂದರೆ, ಯುಪಿಎಸ್ ಮೇಲೆ ಯಂತ್ರವಿಟ್ಟು, ಗೋಡೆಯ ಸ್ವಿಚ್ ಆರಿಸಿ ಹತ್ತು ನಿಮಿಷ ತಡೆಯುತ್ತಾ ನೋಡಿ. ಆಮೇಲೆ ಬೋರ್ಡಿನ ಮಾಡೆಲ್ ಜೊತೆ ಅದರ ಮೂಲೆಯಲ್ಲಿ ಅಚ್ಚಾಗಿರೋ ರಿವಿಷನ್ ನಂಬರನ್ನೂ ಓದಿಕೊಳ್ಳಿ. ಒಂದೇ ಹೆಸರಿನ ಬೋರ್ಡಿನಲ್ಲಿ 1.0ಕ್ಕೂ 2.0ಕ್ಕೂ ಫೈಲ್ ಬೇರೆ ಇರಬಹುದು. ಫೈಲನ್ನು ಕಂಪನಿಯ ತಾಣದಿಂದಲೇ ಇಳಿಸಿ, ಎಫ್‌ಎಟಿ32 ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ವಿಂಡೋಸ್ ಒಳಗಿನಿಂದ ಅಲ್ಲ, ಬಯೋಸ್ ಒಳಗಿರೋ ಅಪ್‌ಡೇಟ್ ಸಾಧನದಿಂದಲೇ ಬರೆಸಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಮೊದಲು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ಯಂತ್ರ ಎದ್ದಾಗ 48 ಅಂಕಿ ಕೇಳಿ ನಿಂತುಬಿಡಬಹುದು. ಅಪ್‌ಡೇಟ್ ಆದ ಮೇಲೆ ಸೆಟ್ಟಿಂಗುಗಳು ಎಷ್ಟೋ ಸಲ ಮೊದಲಿನ ಸ್ಥಿತಿಗೆ ಹೋಗಿರುತ್ತವೆ. CSM, PTT ಎಲ್ಲಿವೆ ಅಂತ ಮತ್ತೊಮ್ಮೆ ನೋಡಿಕೊಂಡು ಆಮೇಲೆ ವಿಂಡೋಸ್ ಹಾಕೋಕೆ ಕೂತ್ಕೊಳ್ಳಿ.

ಯಜಮಾನರು ಹೊರಡೋವಾಗ ಡಬ್ಬಾ ಎತ್ತಿಕೊಂಡು, "ಮತ್ತೆ ಬಯೋಸ್ ಅಪ್‌ಡೇಟಿನ ಬಿಲ್ಲು ಎಷ್ಟು ಸ್ವಾಮಿ?" ಅಂದರು. "ಅದನ್ನು ಮಾಡೇ ಇಲ್ವಲ್ಲ" ಅಂದೆ. ನಂಬಿಕೆ ಬರಲಿಲ್ಲ ಅಂತ ಕಾಣುತ್ತೆ, ತಪಾಸಣೆ ಆ್ಯಪ್ ಇನ್ನೊಂದು ಸಲ ತೆರೆಸಿ, ಹಸಿರು ಗುರುತುಗಳನ್ನು ಬೆರಳಿಟ್ಟು ಎಣಿಸಿಕೊಂಡೇ ಹೋದರು. ನಮಸ್ಕಾರ.