ಕೈಯಲ್ಲಿರುವ ಗಂಟಿಗೆ ತಿಂಗಳಿಗೆ ಎಷ್ಟು ಪಿಂಚಣಿ?

ಕೊಡಗಿನ ಎಲ್ಲ ಕೇಳುಗರಿಗೆ ನಮಸ್ಕಾರ. ನಿವೃತ್ತಿಯಲ್ಲಿ ಒಟ್ಟಿಗೆ ಬಂದ ಹಣವನ್ನು ವಿಮಾ ಕಂಪನಿಗೆ ಕೊಟ್ಟು, ಸಾಯುವ ತನಕ ಪಿಂಚಣಿ ಪಡೆಯುವುದಕ್ಕೆ ಆನ್ಯುಟಿ ಅನ್ನುತ್ತಾರೆ. ಲೆಕ್ಕ ಸುಲಭ. ಹಣವನ್ನು ದರದಿಂದ ಗುಣಿಸಿ, 12ರಿಂದ ಭಾಗಿಸಿ. 10 ಲಕ್ಷಕ್ಕೆ ಶೇಕಡಾ 6 ಅಂದರೆ ವರ್ಷಕ್ಕೆ 60 ಸಾವಿರ, ತಿಂಗಳಿಗೆ 5 ಸಾವಿರ. ಆದರೆ ಈ ದರ ಬ್ಯಾಂಕಿನ ಬಡ್ಡಿ ಅಲ್ಲ. ಇದೊಂದನ್ನು ದಯವಿಟ್ಟು ನೆನಪಿಡಿ.

ಸೋಮವಾರಪೇಟೆ ಕಡೆಯ ಒಬ್ಬ ಎಸ್ಟೇಟ್ ರೈಟರ್ ನನ್ನ ಹಳೆಯ ಪರಿಚಯ. ವಯಸ್ಸು 60. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ 20 ಲಕ್ಷ ಬಂದಿತ್ತು. ನಾನು ಹೋದಾಗ ಕಣದಲ್ಲಿ ಕಾಫಿ ಹರವಿತ್ತು. ಅವರ ಹೆಂಡತಿ ಬರಿಗಾಲಲ್ಲಿ ಸಾಲು ಎಳೆಯುತ್ತಾ ಚೆರ್ರಿ ಮಗುಚುತ್ತಿದ್ದರು. ರೈಟರ್ ಖುಷಿಯಿಂದ ಪಾಲಿಸಿ ತಂದು ತೋರಿಸಿದರು.

"ಸಾರ್, ಬ್ಯಾಂಕಿಗಿಂತ ಜಾಸ್ತಿ! ಎಂಟೂವರೆ ಪರ್ಸೆಂಟ್. ತಿಂಗಳಿಗೆ 14,166 ರೂಪಾಯಿ."

"ರೈಟರೇ, ನಿಮ್ಮ ನಂತರ ಅಮ್ಮನಿಗೆ ಎಷ್ಟು ಬರುತ್ತೆ?"

"20 ಲಕ್ಷ ವಾಪಸ್ ಬರುತ್ತಲ್ವಾ?"

ಬರುವುದಿಲ್ಲ. ಪಾಲಿಸಿಯಲ್ಲಿ ಬರೆದಿದ್ದದ್ದು ಅವರೊಬ್ಬರ ಜೀವ ಇರುವ ತನಕದ ಪಿಂಚಣಿ, ಅಸಲು ವಾಪಸ್ ಇಲ್ಲ. ಆ ಎಂಟೂವರೆಯಲ್ಲಿ ಅವರದೇ ಅಸಲು ಸ್ವಲ್ಪ ಸ್ವಲ್ಪವಾಗಿ ತಿರುಗಿ ಬರುತ್ತಿತ್ತು. ಅದಕ್ಕೇ ದರ ದೊಡ್ಡದು. ಅಂಗಳದಲ್ಲಿ ಕಾಫಿ ಮಗುಚುತ್ತಿದ್ದ ಸದ್ದು ನಿಂತುಹೋಯಿತು.

ಪುಣ್ಯಕ್ಕೆ ಪಾಲಿಸಿ ಕೈಗೆ ಬಂದು 12 ದಿನ ಆಗಿತ್ತು ಅಷ್ಟೆ. 30 ದಿನದ ಒಳಗೆ ಬೇಡ ಅನ್ನಬಹುದು. ಸ್ಟಾಂಪ್ ಖರ್ಚಿನಂಥ ಸಣ್ಣ ಮೊತ್ತ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಅವತ್ತೇ ಅರ್ಜಿ ಬರೆಸಿದೆ.

ಆಮೇಲೆ ದರದ ಪಟ್ಟಿ ತರಿಸಿ ಕೂತೆವು. ಗಂಡ ಹೆಂಡತಿ ಇಬ್ಬರಲ್ಲಿ ಯಾರು ಉಳಿದರೂ ಪೂರ್ತಿ ಪಿಂಚಣಿ ಬರುವ ಆಯ್ಕೆಗೆ ಶೇಕಡಾ 7.8. ಅಂದರೆ 20 ಲಕ್ಷಕ್ಕೆ ತಿಂಗಳಿಗೆ 13,000. ಸುಮಾರು ಸಾವಿರದ ನೂರ ಅರವತ್ತಾರು ಕಡಿಮೆ, ಆದರೆ ಅಮ್ಮನಿಗೂ ಇದೆ. ರೈಟರ್ ತೀರಿದ ಮೇಲೆ 20 ಲಕ್ಷ ವಾಪಸ್ ಬರುವ ಆಯ್ಕೆಗೆ ಶೇಕಡಾ 6.5, ತಿಂಗಳಿಗೆ 10,833. ಒಂದೇ ಹಣ, ಮೂರು ದರ. ಹಾಗಾಗಿ ದರ ಕೇಳುವ ಮೊದಲು, ನಾನು ಹೋದ ಮೇಲೆ ಯಾರಿಗೆ ಏನು ಬರುತ್ತೆ ಅಂತ ಕೇಳಿ. ಮತ್ತೆ ಹೇಳುತ್ತೇನೆ, ಇದು ಬಡ್ಡಿ ಅಲ್ಲ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಈ ಪಿಂಚಣಿಗೆ ಆದಾಯ ತೆರಿಗೆಯ ಲೆಕ್ಕ ಉಂಟು. ಇನ್ನೊಂದು, ಇವತ್ತಿನ 13 ಸಾವಿರ ಇಪ್ಪತ್ತು ವರ್ಷ ಕಳೆದರೂ 13 ಸಾವಿರವೇ. ಅಕ್ಕಿ ಬೆಲೆ ಏರಿದರೆ ಅದು ಏರುವುದಿಲ್ಲ. ಒಮ್ಮೆ ಕೊಟ್ಟ ಗಂಟನ್ನು ಆಸ್ಪತ್ರೆ ಖರ್ಚಿಗೆ ಅಂತ ಬೇಕಾದಾಗ ತೆಗೆಯಲೂ ಆಗುವುದಿಲ್ಲ. ಅದಕ್ಕೇ ರೈಟರ್ 5 ಲಕ್ಷ ಬ್ಯಾಂಕಿನಲ್ಲೇ ಇಟ್ಟುಕೊಂಡು, 15 ಲಕ್ಷಕ್ಕೆ ಮಾತ್ರ ಜೋಡಿ ಪಿಂಚಣಿ ಕೊಂಡರು. ಈಗ ತಿಂಗಳಿಗೆ 9,750 ರೂಪಾಯಿ ಬರುತ್ತಿದೆ. ಹೊಸ ಪಾಲಿಸಿಯಲ್ಲಿ ತಮ್ಮ ಹೆಸರು ಇದೆಯಾ ಅಂತ ಮೊದಲು ನೋಡಿದ್ದು ಅಮ್ಮ. ನಮಸ್ಕಾರ.