ಹೇನಿನ ಲೆಕ್ಕ ಸೀರಣಿಗೆಗೆ ಗೊತ್ತು

ನಮಸ್ಕಾರ ರೀ. ದಾವಣಗೆರೆಯಲ್ಲಿ ಮೆಡಿಕಲ್ ಶಾಪಿಗೆ ಹೋಗಿ ‘ಮಗಳ ತಲೇಲಿ ಹೇನಾಗಿದೆ’ ಅಂದ್ರೆ ಒಂದು ಬಾಟ್ಲಿ ಕೈಗೆ ಬರುತ್ತೆ. ಎರಡನೇ ಸಲ ಯಾವಾಗ ಹಚ್ಚಬೇಕು ಅಂತ ಮಾತ್ರ ನಾವು ಕೇಳೋದೇ ಇಲ್ಲ. ಹೇನು ಗೆಲ್ಲೋದು ಅಲ್ಲೇ.

ಶೇಕಡಾ 1ರ ಪರ್ಮೆಥ್ರಿನ್ ಔಷಧಿ ತಗೊಳ್ಳಿ. ಮೊದಲು ಸಾದಾ ಶಾಂಪೂ ಹಾಕಿ ತೊಳೆದು, ಟವೆಲ್‌ನಲ್ಲಿ ಒರೆಸಿ, ಆಮೇಲೆ ಹಚ್ಚಿ 10 ನಿಮಿಷ ಬಿಟ್ಟು ತೊಳೀಬೇಕು. ಅದಕ್ಕೆ ಮುಂಚೆ ಕಂಡೀಷನರ್ ಹಾಕಿದ್ರೆ ಔಷಧಿ ಸರಿಯಾಗಿ ಹಿಡಿಯಲ್ಲ. ಇದು ಓಡಾಡೋ ಹೇನನ್ನ ಕೊಲ್ಲುತ್ತೆ, ಆದ್ರೆ ಕೂದಲಿಗೆ ಅಂಟಿರೋ ಸೀರೆಲ್ಲ ಸಾಯಲ್ಲ. ಉಳಿದದ್ದು ಏಳೆಂಟು ದಿನದಲ್ಲಿ ಒಡೆದು ಮರಿ ಬರುತ್ತೆ. ಅದಕ್ಕೇ 9ನೇ ದಿನ ಎರಡನೇ ಸಲ.

ನನ್ನ ಕೇಳಿದ್ರೆ ಬಾಟ್ಲಿಗಿಂತ ಸೀರಣಿಗೆ ಮೇಲು. ಭಾನುವಾರ ಔಷಧಿ ಹಾಕಿದ್ರಿ ಅನ್ಕೊಳ್ಳಿ. ಗುರುವಾರ, ಆಮೇಲೆ ಸೋಮವಾರ, ಶುಕ್ರವಾರ, ಹೀಗೆ ನಾಲ್ಕು ದಿನಕ್ಕೊಮ್ಮೆ ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ, ಬುಡದಿಂದ ತುದಿವರೆಗೆ ಎಳೀರಿ. ಕಿವಿ ಹಿಂದೆ, ಕತ್ತಿನ ಮೇಲೆ ಬಿಡಬೇಡಿ. ಪ್ರತಿ ಎಳೆತಕ್ಕೂ ಬಿಳಿ ಬಟ್ಟೆಗೆ ಒರೆಸಿ ನೋಡಿ. ಆ ಸೋಮವಾರವೇ 9ನೇ ದಿನ, ಔಷಧಿನೂ ಅವತ್ತೇ; ಮೊದಲು ಔಷಧಿ ಹಚ್ಚಿ ತೊಳೆದು, ಕಂಡೀಷನರ್ ಹಾಕಿ ಬಾಚೋದು ಆಮೇಲೆ.

ಈಗ ಬಟ್ಟೆ ಮೇಲೆ ಏನು ಬಿತ್ತು ನೋಡಿ. ಬರೀ ಸಣ್ಣ ಮರಿ ಇದ್ರೆ ಹಳೇ ಸೀರು ಒಡೆದಿದೆ ಅಂತ. ಹೆದರಬೇಡಿ, ಮೊಟ್ಟೆ ಇಡೋ ವಯಸ್ಸಿಗೆ ಬರೋಕೆ ಅದಕ್ಕಿನ್ನೂ ವಾರದ ಮೇಲೆ ಬೇಕು, ಅಷ್ಟರೊಳಗೆ ಬಾಚಿ ತೆಗೀತೀರಿ. ಹಚ್ಚಿದ ಮರುದಿನವೇ ದೊಡ್ಡ ಹೇನು ಮೊದಲಿನಷ್ಟೇ ಚುರುಕಾಗಿ ಓಡ್ತಿದ್ರೆ, ಆ ಔಷಧಿಗೆ ಅದು ಜಗ್ಗಲ್ಲ ಅಂತ. ಅದನ್ನೇ ಮತ್ತೆ ಮತ್ತೆ ಸುರೀಬೇಡಿ, ಡಾಕ್ಟರ್ ಹತ್ರ ಬೇರೆದು ಕೇಳಿ.

ಮನೆಮದ್ದಾ? ಕೊಬ್ಬರಿ ಎಣ್ಣೆ ಹಚ್ಚಿದ್ರೆ ಹೇನು ಮಂದ ಆಗುತ್ತೆ, ಬಾಚೋಕೆ ಸುಲಭ, ಅಷ್ಟೇ. ಸೀಮೆಎಣ್ಣೆ ಅಂತೂ ಬೇಡವೇ ಬೇಡ, ಒಲೆ ಹತ್ರ ಹೋದ್ರೆ ತಲೆಗೇ ಬೆಂಕಿ. ಇನ್ನು ಚಿತ್ರದುರ್ಗದ ಕಡೆ ಸೀತಾಫಲ ತಿಂದು ಬೀಜ ಎತ್ತಿಡೋ ಅಜ್ಜಿಯರಿಗೆ ಒಂದು ಮಾತು. ಬೀಜದ ಪುಡಿ ಹೇನು ಕೊಲ್ಲುತ್ತೆ, ಸುಳ್ಳಲ್ಲ. ಆದ್ರೆ ತೊಳೆಯೋವಾಗ ಕಣ್ಣಿಗೆ ಇಳಿದ್ರೆ ಕರಿಗುಡ್ಡೆ ಮೇಲಿನ ಪೊರೆ ಸುಲಿದು, ಮಗು ಉರಿಗೆ ಕಣ್ಣೇ ಬಿಡಲ್ಲ. ಹಾಗಾದ್ರೆ ತಕ್ಷಣ ನೀರಲ್ಲಿ ಚೆನ್ನಾಗಿ ತೊಳೆದು ಕಣ್ಣಿನ ಡಾಕ್ಟರ್ ಹತ್ರ ಓಡಿ.

ಕೊನೇ ಮಾತು. ಎರಡು ಸಲ ಬಾಚಿದಾಗ ಏನೂ ಸಿಗದೆ, ಮೂರನೇ ಸಲ ಪೂರ್ತಿ ಬೆಳೆದ ಹೇನು ಬಿತ್ತಾ? ಅದು ಬೇರೆ ತಲೆಯಿಂದ ಬಂದಿರೋದು. ಹೇನು ಹಾರಲ್ಲ, ತಲೆಗೆ ತಲೆ ತಾಗಿದಾಗ ಹತ್ತುತ್ತೆ. ಅವಳ ಜೊತೆ ಮಲಗೋ ತಂಗಿ ತಲೆ ನೋಡಿ, ಪಕ್ಕದ ಬೆಂಚಿನ ಗೆಳತಿ ಅಮ್ಮನಿಗೂ ಒಂದು ಫೋನ್ ಮಾಡಿ.